ಲಾರಿಯ ಚಕ್ರಕ್ಕೆ ಯಾವ ಗ್ರೀಸ್? – ಲಿಥಿಯಂ ಹಾಗೂ ಇತರ ಬಗೆಗಳ ನಡುವಿನ ಆಯ್ಕೆ

ಸ್ವಂತ ಲಾರಿಗಳನ್ನು ಹೊಂದಿರುವ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಲೆಕ್ಕಪುಸ್ತಕಗಳಲ್ಲಿ ಡೀಸೆಲ್, ಟೈರು, ವಿಮೆ, ಚಾಲಕರ ಭತ್ಯೆ ಮೊದಲಾದವುಗಳಿಗೆ ಪ್ರತ್ಯೇಕ ಖಾತೆಗಳಿರುತ್ತವೆ. ಗ್ರೀಸಿನ ವೆಚ್ಚ ಮಾತ್ರ ಸಾಮಾನ್ಯವಾಗಿ ‘ಇತರ ವೆಚ್ಚ’ಗಳಲ್ಲಿ ಅಡಗಿಹೋಗುತ್ತದೆ. ಮೊತ್ತ ಚಿಕ್ಕದಾದ ಕಾರಣ ಯಾವ ಗ್ರೀಸನ್ನು ಕೊಳ್ಳಬೇಕೆಂಬ ನಿರ್ಧಾರವನ್ನು ಮಾಲೀಕರು ಕೈಗೊಳ್ಳುವುದಿಲ್ಲ. ಅಂಗಡಿಯವರು ಕೊಟ್ಟದ್ದು ಅಥವಾ ಗ್ಯಾರೇಜಿನಲ್ಲಿ ಆ ಹೊತ್ತಿಗೆ ಇದ್ದದ್ದು ಚಕ್ರದ ಹಬ್ಬಿನೊಳಗೆ ಸೇರುತ್ತದೆ. ಆದರೆ ಹಬ್ ಬೇರಿಂಗ್ ಕೆಟ್ಟಾಗ ಬರುವ ಬಿಲ್ಲು ಚಿಕ್ಕದಲ್ಲ. ಬೇರಿಂಗ್ ಬಿಗಿದುಕೊಂಡರೆ ಅಥವಾ ಗ್ರೀಸ್ ಸೋರಿ ಬ್ರೇಕ್ ಲೈನರನ್ನು ತೋಯಿಸಿದರೆ ಅಪಾಯಕ್ಕೀಡಾಗುವುದು ಸರಕು ಮಾತ್ರವಲ್ಲ, ಚಾಲಕನ ಪ್ರಾಣವೂ ಹೌದು. ಆದ್ದರಿಂದ ಲಿಥಿಯಂ ಗ್ರೀಸ್ ಮತ್ತು ಇತರ ಗ್ರೀಸುಗಳ ನಡುವೆ ಆಯ್ಕೆ ಮಾಡುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸೋಣ.

ಗ್ರೀಸಿನ ರಚನೆ

ಗ್ರೀಸ್ ಎಂಬುದು ಗಟ್ಟಿಯಾದ ಎಣ್ಣೆಯಲ್ಲ; ಎಣ್ಣೆಯನ್ನು ಹಿಡಿದಿಟ್ಟುಕೊಂಡ ಒಂದು ಬಗೆಯ ಸ್ಪಂಜು ಎನ್ನಬಹುದು. ಅದರ ಹೆಚ್ಚಿನ ಪಾಲು ಎಣ್ಣೆಯೇ ಆಗಿದ್ದು, ಬೇರಿಂಗಿನ ರೋಲರುಗಳನ್ನು ಸವೆತದಿಂದ ಕಾಪಾಡುವುದು ಆ ಎಣ್ಣೆಯೇ. ಎಣ್ಣೆ ಹರಿದುಹೋಗದಂತೆ ತಡೆಯಲು ಅದರೊಳಗೆ ಸೂಕ್ಷ್ಮ ಎಳೆಗಳ ಜಾಲದಂತೆ ಒಂದು ಪದಾರ್ಥವನ್ನು ಸೇರಿಸಿರುತ್ತಾರೆ. ಬಹುಪಾಲು ಗ್ರೀಸುಗಳಲ್ಲಿ ಈ ಪದಾರ್ಥ ಒಂದು ಬಗೆಯ ಸಾಬೂನು. ಕೊಬ್ಬಿನ ಆಮ್ಲವು ಲಿಥಿಯಂ, ಕ್ಯಾಲ್ಸಿಯಂ ಅಥವಾ ಸೋಡಿಯಂ ಲೋಹದ ಕ್ಷಾರದೊಡನೆ ಸೇರಿದಾಗ ಈ ಸಾಬೂನು ಉಂಟಾಗುತ್ತದೆ. ಇವುಗಳಲ್ಲದೆ ಸವೆತ ಮತ್ತು ತುಕ್ಕನ್ನು ತಡೆಯುವ ಕೆಲವು ರಾಸಾಯನಿಕಗಳೂ ಅಲ್ಪ ಪ್ರಮಾಣದಲ್ಲಿರುತ್ತವೆ.

‘ಲಿಥಿಯಂ ಗ್ರೀಸ್’ ಎಂಬ ಹೆಸರು ಸೂಚಿಸುವುದು ಈ ಸಾಬೂನಿನ ಜಾತಿಯನ್ನು, ಎಣ್ಣೆಯನ್ನಲ್ಲ. ಸಾಬೂನಿನ ಜಾತಿಯ ಮೇಲೆ ಮೂರು ಸಂಗತಿಗಳು ಅವಲಂಬಿಸಿವೆ. ಗ್ರೀಸ್ ಎಷ್ಟು ಉಷ್ಣತೆಯವರೆಗೆ ತನ್ನ ರೂಪವನ್ನು ಉಳಿಸಿಕೊಳ್ಳುತ್ತದೆ, ನೀರು ತಗುಲಿದಾಗ ಏನಾಗುತ್ತದೆ, ಮತ್ತು ಬೇರೊಂದು ಗ್ರೀಸಿನೊಡನೆ ಬೆರೆತರೆ ಏನಾಗುತ್ತದೆ ಎಂಬುವೇ ಆ ಮೂರು. ಲಾರಿಯ ಚಕ್ರದ ಮಟ್ಟಿಗೆ ಆಯ್ಕೆಯ ಪ್ರಶ್ನೆಯೆಲ್ಲ ಈ ಮೂರರ ಸುತ್ತಲೇ ಸುತ್ತುತ್ತದೆ.

ಪೇಟೆಯಲ್ಲಿ ದೊರೆಯುವ ಬಗೆಗಳು

ಹಳೆಯ ಬಗೆಯ ಕ್ಯಾಲ್ಸಿಯಂ ಗ್ರೀಸ್ ಅಗ್ಗವಾದುದು. ‘ಚಾಸಿಸ್ ಗ್ರೀಸ್’ ಎಂಬ ಹೆಸರಿನಲ್ಲಿ ಬಕೆಟ್ಟುಗಳಲ್ಲಿ ಮಾರಾಟವಾಗುವುದು ಹಲವು ವೇಳೆ ಇದೇ. ಇದು ನೀರಿಗೆ ಜಗ್ಗುವುದಿಲ್ಲ. ಆದರೆ ಇದರ ಸಾಬೂನಿನ ರಚನೆಯಲ್ಲಿ ಸ್ವಲ್ಪ ನೀರಿನಂಶವೇ ಅಂಟಿನಂತೆ ಕೆಲಸ ಮಾಡುತ್ತಿರುತ್ತದೆ. ಕಾವು ಏರಿದಂತೆ ಆ ನೀರು ಆವಿಯಾಗಿ ಜಾಲವೇ ಕುಸಿಯುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇದನ್ನು ನಂಬುವಂತಿಲ್ಲ. ಪಟ್ಟಿಪಿನ್ನು, ಶಾಕಲ್ ಮುಂತಾದ ಕಡೆ ಇದು ಸಾಕು, ಹಬ್ಬಿಗೆ ಸಲ್ಲದು.

ಸೋಡಿಯಂ ಗ್ರೀಸ್ ನಾರುನಾರಾಗಿರುತ್ತದೆ. ಕ್ಯಾಲ್ಸಿಯಂ ಗ್ರೀಸಿಗಿಂತ ಹೆಚ್ಚು ಕಾವನ್ನು ತಡೆಯುವುದರಿಂದ ಹಿಂದೆ ಚಕ್ರದ ಬೇರಿಂಗುಗಳಿಗೆ ಇದನ್ನು ಬಳಸುತ್ತಿದ್ದರು. ಆದರೆ ನಮ್ಮ ಬಟ್ಟೆ ಸಾಬೂನು ನೀರಿನಲ್ಲಿ ಕರಗುವಂತೆ ಇದೂ ನೀರಿನಲ್ಲಿ ಕದಡಿಹೋಗುತ್ತದೆ. ಮಳೆನಾಡಿನ ಲಾರಿಗೆ ಇದು ತಕ್ಕುದಲ್ಲ.

ಈ ಎರಡು ದೋಷಗಳನ್ನೂ ಒಟ್ಟಿಗೆ ನಿವಾರಿಸಿದ್ದೇ ಲಿಥಿಯಂ ಗ್ರೀಸಿನ ಹೆಗ್ಗಳಿಕೆ. 1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಅವರು ಇದಕ್ಕೆ ಪೇಟೆಂಟ್ ಪಡೆದರು. ಇದು ನೀರಿಗೂ ಸಾಕಷ್ಟು ನಿಲ್ಲುತ್ತದೆ. ನಿರಂತರ ಬಳಕೆಯಲ್ಲಿ ಸುಮಾರು 120 ಡಿಗ್ರಿಯವರೆಗೆ ಕಾವನ್ನೂ ತಾಳುತ್ತದೆ. ನಮ್ಮ ಅಂಗಡಿಗಳಲ್ಲಿ ‘ಎಪಿ-3’ ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ ಈ ಸಾದಾ ಲಿಥಿಯಂ ಗ್ರೀಸನ್ನೇ.

ಇದರ ಮುಂದಿನ ಹಂತ ಲಿಥಿಯಂ ಕಾಂಪ್ಲೆಕ್ಸ್. ಸಾಬೂನನ್ನು ತಯಾರಿಸುವಾಗ ಕೊಬ್ಬಿನ ಆಮ್ಲದ ಜೊತೆಗೆ ಮತ್ತೊಂದು ಆಮ್ಲವನ್ನೂ ಸೇರಿಸುವುದರಿಂದ ಜಾಲ ಇನ್ನಷ್ಟು ದೃಢವಾಗುತ್ತದೆ. ಸಾದಾ ಲಿಥಿಯಂ ಗ್ರೀಸ್ ಸುಮಾರು 190 ಡಿಗ್ರಿಯಲ್ಲಿ ಕರಗಿ ತೊಟ್ಟಿಕ್ಕಿದರೆ, ಕಾಂಪ್ಲೆಕ್ಸ್ ಬಗೆಯು 260 ಡಿಗ್ರಿಯವರೆಗೂ ತೊಟ್ಟಿಕ್ಕದೆ ನಿಲ್ಲುತ್ತದೆ. ಡಬ್ಬಿಯ ಮೇಲೆ ‘ಡ್ರಾಪಿಂಗ್ ಪಾಯಿಂಟ್’ ಎಂದು ಬರೆದಿರುವುದು ಈ ತೊಟ್ಟಿಕ್ಕುವ ಉಷ್ಣತೆಯನ್ನೇ. ಅದು ಬಳಕೆಯ ಮಿತಿಯಲ್ಲ ಎಂಬುದನ್ನು ಗಮನಿಸಬೇಕು. ಅಷ್ಟು ಕಾವು ಮುಟ್ಟುವುದಕ್ಕೆ ಬಹಳ ಮೊದಲೇ ಎಣ್ಣೆ ಸುಟ್ಟು ಗಟ್ಟಿಯಾಗಲು ತೊಡಗುತ್ತದೆ. ಆದ್ದರಿಂದ ಕಾಂಪ್ಲೆಕ್ಸ್ ಬಗೆಗೂ ನಿರಂತರ ಬಳಕೆಯಲ್ಲಿ 150 ಡಿಗ್ರಿಯ ಆಸುಪಾಸೇ ಮಿತಿ ಎಂದು ತಿಳಿಯುವುದು ಕ್ಷೇಮ.

ಇತ್ತೀಚೆಗೆ ಕ್ಯಾಲ್ಸಿಯಂ ಸಲ್ಫೋನೇಟ್ ಎಂಬ ಗ್ರೀಸನ್ನೂ ಅಂಗಡಿಯವರು ಮುಂದಿಡುತ್ತಿದ್ದಾರೆ. ವಿದ್ಯುತ್ ವಾಹನಗಳ ಬ್ಯಾಟರಿಗಳ ಬೇಡಿಕೆಯಿಂದ 2021 ಮತ್ತು 2022ರಲ್ಲಿ ಲಿಥಿಯಂ ಬೆಲೆ ಗಗನಕ್ಕೇರಿದಾಗ ಗ್ರೀಸ್ ತಯಾರಕರು ಪರ್ಯಾಯಗಳತ್ತ ಹೆಚ್ಚು ಗಮನ ಹರಿಸಿದರು. ಮುಂದೆ ಬೆಲೆ ಇಳಿಯಿತಾದರೂ ಪರ್ಯಾಯಗಳು ಪೇಟೆಯಲ್ಲಿ ಉಳಿದವು. ಸಲ್ಫೋನೇಟ್ ಗ್ರೀಸ್ ಕಾವು, ನೀರು, ಭಾರ ಮೂರನ್ನೂ ಚೆನ್ನಾಗಿ ತಡೆಯುತ್ತದೆ. ಬೆಲೆಯೂ ಅದಕ್ಕೆ ತಕ್ಕಂತಿದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಇದಕ್ಕೂ ಮೇಲೆ ಹೇಳಿದ ಅಗ್ಗದ ಚಾಸಿಸ್ ಗ್ರೀಸಿಗೂ ‘ಕ್ಯಾಲ್ಸಿಯಂ’ ಎಂಬ ಹೆಸರೊಂದೇ ಸಮಾನ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಬಾರದು.

ಕೊನೆಯದಾಗಿ ಪಾಲಿಯೂರಿಯಾ ಗ್ರೀಸ್. ಇದರಲ್ಲಿ ಲೋಹದ ಸಾಬೂನೇ ಇಲ್ಲ. ವಿದ್ಯುತ್ ಮೋಟಾರುಗಳ ಬೇರಿಂಗುಗಳಿಗೂ ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ ಬೇರಿಂಗುಗಳಿಗೂ ಇದು ಉತ್ತಮ. ಆದರೆ ಲಿಥಿಯಂ ಗ್ರೀಸಿನೊಡನೆ ಇದು ಹೊಂದುವುದು ಅಪರೂಪ.

ಸಂಖ್ಯೆ ಮತ್ತು ಬಣ್ಣದ ಬಗ್ಗೆ ತಪ್ಪು ಕಲ್ಪನೆಗಳು

ಡಬ್ಬಿಯ ಮೇಲಿನ 2 ಅಥವಾ 3 ಎಂಬ ಎನ್.ಎಲ್.ಜಿ.ಐ. ಸಂಖ್ಯೆಯನ್ನು ಗುಣಮಟ್ಟದ ಅಂಕವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು 25 ಡಿಗ್ರಿ ಉಷ್ಣತೆಯಲ್ಲಿ ಗ್ರೀಸ್ ಎಷ್ಟು ಗಟ್ಟಿಯಾಗಿದೆ ಎಂಬುದರ ಅಳತೆ ಮಾತ್ರ. ನಿಗದಿತ ತೂಕದ ಶಂಕುವೊಂದು ಗ್ರೀಸಿನೊಳಗೆ ಎಷ್ಟು ಆಳ ಇಳಿಯುತ್ತದೆ ಎಂಬುದನ್ನು ನೋಡಿ ಇದನ್ನು ನಿರ್ಧರಿಸುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಗ್ರೀಸ್ ಗಟ್ಟಿ. 3ನೆಯ ಸಂಖ್ಯೆಯ ಸಾದಾ ಲಿಥಿಯಂ ಗ್ರೀಸ್ ಕೈಗೆ ಗಟ್ಟಿಯೆನಿಸಿದರೂ 2ನೆಯ ಸಂಖ್ಯೆಯ ಕಾಂಪ್ಲೆಕ್ಸ್ ಗ್ರೀಸಿನಷ್ಟು ಕಾವನ್ನು ಅದು ತಡೆಯದು. ಯಾವ ಸಂಖ್ಯೆಯನ್ನು ಬಳಸಬೇಕೆಂಬುದನ್ನು ಲಾರಿ ತಯಾರಕರ ಕೈಪಿಡಿಯೇ ಹೇಳುತ್ತದೆ. ಅದನ್ನೇ ಅನುಸರಿಸುವುದು ಲೇಸು.

ಬಣ್ಣವಂತೂ ಏನನ್ನೂ ಹೇಳುವುದಿಲ್ಲ. ಕೆಂಪು, ನೀಲಿ, ಹಸಿರು ಎಲ್ಲವೂ ತಯಾರಕರು ಗುರುತಿಗಾಗಿ ಸೇರಿಸಿದ ಬಣ್ಣಗಳು. ಒಬ್ಬರ ನೀಲಿ ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್ ಆಗಿದ್ದರೆ ಮತ್ತೊಬ್ಬರ ನೀಲಿ ಪಾಲಿಯೂರಿಯಾ ಆಗಿರಬಹುದು. ಕೊಳ್ಳುವಾಗ ಕೇಳಬೇಕಾದುದು ಬಣ್ಣವನ್ನಲ್ಲ, ಸಾಬೂನಿನ ಜಾತಿಯನ್ನು. ಡಬ್ಬಿಯ ಮೇಲೆ ಅದಿಲ್ಲದಿದ್ದರೆ ತಯಾರಕರ ಉತ್ಪನ್ನ ವಿವರಪತ್ರವನ್ನು ಕೇಳಿ ಪಡೆಯಬೇಕು.

ಘಟ್ಟದ ಇಳಿಜಾರು ಮತ್ತು ಕಾವು

ಬಯಲುಸೀಮೆಯ ರಸ್ತೆಯಲ್ಲಿ ಓಡುವ ಲಾರಿಯ ಹಬ್ಬಿಗೆ ಸಾದಾ ಲಿಥಿಯಂ ಗ್ರೀಸ್ ಸಾಮಾನ್ಯವಾಗಿ ಸಾಕಾಗುತ್ತದೆ. ಘಟ್ಟ ಇಳಿಯುವ ಲಾರಿಯ ಸ್ಥಿತಿ ಬೇರೆ. ಸಕಲೇಶಪುರದಿಂದ ಶಿರಾಡಿ ಘಾಟಿಯ ಮೂಲಕ ಗುಂಡ್ಯದವರೆಗಿನ ಇಳಿಜಾರನ್ನೇ ನೋಡೋಣ. ಇಲ್ಲಿ ರಸ್ತೆ ಸುಮಾರು 800 ಮೀಟರ್ ಕೆಳಗಿಳಿಯುತ್ತದೆ. ಸರಕೂ ಸೇರಿ 16 ಟನ್ ತೂಗುವ ಲಾರಿ ಅಷ್ಟು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ ಅದು ಸುಮಾರು 35 ಯೂನಿಟ್ ವಿದ್ಯುತ್ತಿಗೆ ಸಮ. ಇದರಲ್ಲಿ ಒಂದು ಪಾಲನ್ನು ರಸ್ತೆಯ ಘರ್ಷಣೆ ಮತ್ತು ಎಂಜಿನ್ನಿನ ಹಿಡಿತ ಹೀರಿಕೊಳ್ಳುತ್ತವೆ. ಉಳಿದುದೆಲ್ಲ ಬ್ರೇಕ್ ಡ್ರಮ್ಮುಗಳಲ್ಲಿ ಶಾಖವಾಗುತ್ತದೆ. ಚಾಲಕನು ಕೆಳಗಿನ ಗೇರನ್ನು ಬಳಸದೆ ಬ್ರೇಕನ್ನೇ ಒತ್ತುತ್ತ ಬಂದರೆ ಡ್ರಮ್ಮಿನ ಉಷ್ಣತೆ 200 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಡ್ರಮ್ಮನ್ನು ಹಬ್ಬಿಗೇ ಬಿಗಿದಿರುವುದರಿಂದ ಶಾಖ ಬೇರಿಂಗಿನತ್ತ ಹರಿಯುತ್ತದೆ.

ಇಳಿಜಾರು ಮುಗಿದ ಕೂಡಲೇ ಲಾರಿಯನ್ನು ನಿಲ್ಲಿಸಿದಾಗ ಚಕ್ರಕ್ಕೆ ಗಾಳಿಯ ಬೀಸು ತಪ್ಪುತ್ತದೆ. ಆಗ ಡ್ರಮ್ಮು ತಣಿಯುತ್ತಿದ್ದರೂ ಹಬ್ಬಿನ ಕಾವು ಕೆಲವು ಕಾಲ ಏರುತ್ತಲೇ ಇರುತ್ತದೆ. ಗ್ರೀಸ್ ತೆಳುವಾಗಿ ಆಯಿಲ್ ಸೀಲನ್ನು ದಾಟುವುದು ಹಲವು ಬಾರಿ ಈ ಹೊತ್ತಿನಲ್ಲಿಯೇ. ಮಿತಿ ದಾಟದಿದ್ದರೂ ಕಾವು ಗ್ರೀಸಿನ ಆಯುಷ್ಯವನ್ನು ತಿನ್ನುತ್ತದೆ. 70 ಡಿಗ್ರಿಯ ಮೇಲೆ ಪ್ರತಿ 15 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬೇರಿಂಗ್ ತಂತ್ರಜ್ಞರು ಒಪ್ಪುವ ಸ್ಥೂಲ ನಿಯಮ. ಮಳೆಗಾಲದಲ್ಲಿ ಕಾದ ಹಬ್ಬಿನ ಮೇಲೆ ತಣ್ಣೀರು ಬಿದ್ದು ಒಳಗಿನ ಗಾಳಿ ಕುಗ್ಗಿದಾಗ, ಸವೆದ ಸೀಲಿನ ಮೂಲಕ ನೀರು ಒಳಸೇರುವ ಸಂಭವವೂ ಉಂಟು. ಕಾವು ಮತ್ತು ನೀರು ಎರಡೂ ಒಟ್ಟಿಗೆ ಇರುವ ಇಂತಹ ಕಡೆ ಲಿಥಿಯಂ ಕಾಂಪ್ಲೆಕ್ಸ್ ತನ್ನ ಬೆಲೆಯನ್ನು ಸಾರ್ಥಕಗೊಳಿಸುತ್ತದೆ.

ಒಂದು ನಿದರ್ಶನ

ಹಾಸನ ಜಿಲ್ಲೆಯ ವರ್ತಕರೊಬ್ಬರಿಗೆ ಎರಡು ಲಾರಿಗಳಿವೆ. ಒಂದು ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಸರಕು ಸಾಗಿಸುತ್ತದೆ. ಇನ್ನೊಂದು ಪಟ್ಟಣದ ಸುತ್ತಮುತ್ತ ಓಡುತ್ತದೆ. ಅವರ ಲೆಕ್ಕಪರಿಶೋಧನೆಯ ವೇಳೆ, ಒಂದೇ ವರ್ಷದಲ್ಲಿ ಘಟ್ಟದ ಲಾರಿಯ ಹಬ್ ಬೇರಿಂಗನ್ನು ಮೂರು ಬಾರಿ ಬದಲಿಸಿದ ವೋಚರುಗಳು ನನ್ನ ಗಮನಕ್ಕೆ ಬಂದವು. ಬೇರಿಂಗಿನ ಗುಣಮಟ್ಟವೇ ಸರಿಯಿಲ್ಲವೆಂದು ತೀರ್ಮಾನಿಸಿ ಅವರು ತಯಾರಕರನ್ನೂ ಬದಲಿಸಿದ್ದರು, ಫಲ ದೊರೆತಿರಲಿಲ್ಲ.

ಗ್ರೀಸ್ ಖರೀದಿಯ ಹಾಗೂ ಉಗ್ರಾಣದ ವಿತರಣೆಯ ಚೀಟಿಗಳನ್ನು ದಿನಾಂಕಕ್ಕನುಗುಣವಾಗಿ ಜೋಡಿಸಿದಾಗ ಬೇರೊಂದು ಚಿತ್ರ ಕಂಡಿತು. ಫೆಬ್ರವರಿಯಲ್ಲಿ ಹಬ್ಬುಗಳಿಗೆ ಎಪಿ-3 ತುಂಬಲಾಗಿತ್ತು. ಜೂನ್‌ನಲ್ಲಿ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಅದರ ಮೇಲೆಯೇ ಚಾಸಿಸ್ ಗ್ರೀಸ್ ಸೇರಿಸಲಾಗಿತ್ತು. ಕೆಲವು ವಾರಗಳಲ್ಲಿ ಮೊದಲ ಬೇರಿಂಗ್ ಕೆಟ್ಟಿತು. ಅನಂತರ ‘ಹೆಚ್ಚು ಕಾವಿಗೆ ತಡೆಯುತ್ತದೆ’ ಎಂಬ ಸದುದ್ದೇಶದಿಂದ, ಮಿಲ್ಲಿನ ಮೋಟಾರುಗಳಿಗೆಂದು ತಂದಿದ್ದ ನೀಲಿ ಗ್ರೀಸನ್ನು ಉಗ್ರಾಣದಿಂದ ಕೊಡಲಾಗಿತ್ತು. ಅದು ಪಾಲಿಯೂರಿಯಾ. ಹಳೆಯ ಗ್ರೀಸನ್ನು ಪೂರ್ತಿ ತೊಳೆದಿರಲಿಲ್ಲ. ಮುಂದಿನ ಎರಡು ಬೇರಿಂಗುಗಳು ಕೆಟ್ಟದ್ದು ಇದಾದ ಮೇಲೆ. ಹಬ್ ಬಿಚ್ಚಿದಾಗ ಒಳಗೆ ಗ್ರೀಸಿನ ಬದಲು ಗಂಜಿಯಂತಹ ದ್ರವವಿತ್ತು. ಲೈನರುಗಳು ಎಣ್ಣೆಯಲ್ಲಿ ತೊಯ್ದಿದ್ದವು. ಹೊಂದದ ಎರಡು ಗ್ರೀಸುಗಳು ಬೆರೆತಾಗ ಒಂದರ ಜಾಲ ಮತ್ತೊಂದರ ಜಾಲವನ್ನು ಕೆಡಿಸಿ ಎಣ್ಣೆಯನ್ನು ಬಿಟ್ಟುಬಿಡುತ್ತದೆ. ತಲಾ ಒಂದೊಂದೂ ಒಳ್ಳೆಯ ಗ್ರೀಸೇ ಆಗಿದ್ದರೂ ಬೆರಕೆ ನಿಷ್ಪ್ರಯೋಜಕವಾಗಬಲ್ಲದು.

ಪ್ರತಿ ಬಾರಿಯ ವೆಚ್ಚ ಹೀಗಿತ್ತು: ಬೇರಿಂಗುಗಳಿಗೆ 6,000 ರೂಪಾಯಿ, ಲೈನರುಗಳಿಗೆ 3,500, ಸೀಲು ಮತ್ತು ಕೂಲಿಗೆ 2,500, ಲಾರಿ ಎರಡು ದಿನ ನಿಂತ ನಷ್ಟ 8,000. ಒಟ್ಟು 20,000 ರೂಪಾಯಿ. ಮೂರು ಬಾರಿಗೆ 60,000. ಇವೆಲ್ಲ ವೋಚರಿನಲ್ಲಿ ಕಂಡ ನಷ್ಟ. ಲೈನರು ತೊಯ್ದ ಲಾರಿಯು ಘಟ್ಟ ಇಳಿದ ಅಪಾಯಕ್ಕೆ ವೋಚರಿಲ್ಲ.

ಇನ್ನು ಆಯ್ಕೆಯ ಲೆಕ್ಕ. ನಾಲ್ಕು ಹಬ್ಬುಗಳಿಗೆ ತಲಾ ಅರ್ಧ ಕಿಲೋದಂತೆ 2 ಕಿಲೋ ಗ್ರೀಸ್ ಬೇಕೆಂದಿಟ್ಟುಕೊಳ್ಳೋಣ. ಸಾದಾ ಲಿಥಿಯಂ ಕಿಲೋಗೆ 350 ರೂಪಾಯಿ, ಕಾಂಪ್ಲೆಕ್ಸ್ 600 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಸೀಲು ಮತ್ತು ಕೂಲಿ 2,500, ಒಂದು ದಿನ ಲಾರಿ ನಿಲ್ಲುವ ನಷ್ಟ 4,000 ಎರಡಕ್ಕೂ ಸಮಾನ. ಆಗ ಒಂದು ಬಾರಿ ಗ್ರೀಸ್ ಬದಲಿಸಲು ಸಾದಾ ಬಗೆಗೆ 7,200, ಕಾಂಪ್ಲೆಕ್ಸ್ ಬಗೆಗೆ 7,700 ರೂಪಾಯಿ ತಗಲುತ್ತದೆ. ವ್ಯತ್ಯಾಸ ಕೇವಲ 500.

ಘಟ್ಟದ ಲಾರಿ ವರ್ಷಕ್ಕೆ 60,000 ಕಿಲೋಮೀಟರ್ ಓಡುತ್ತದೆ. ಸಾದಾ ಗ್ರೀಸನ್ನು 15,000 ಕಿಲೋಮೀಟರಿಗೊಮ್ಮೆ ಬದಲಿಸಿದರೆ ವರ್ಷಕ್ಕೆ ನಾಲ್ಕು ಬಾರಿ, ಅಂದರೆ 28,800 ರೂಪಾಯಿ. ಕಾಂಪ್ಲೆಕ್ಸ್ 30,000 ಕಿಲೋಮೀಟರ್ ನಿಂತರೆ ಎರಡು ಬಾರಿ, ಅಂದರೆ 15,400 ರೂಪಾಯಿ. ಉಳಿತಾಯ 13,400. ಪಟ್ಟಣದ ಲಾರಿಯಾದರೋ ವರ್ಷಕ್ಕೆ 15,000 ಕಿಲೋಮೀಟರ್ ಮಾತ್ರ ಓಡುತ್ತದೆ. ಸೀಲುಗಳ ತಪಾಸಣೆಗಾಗಿ ಹೇಗೂ ವರ್ಷಕ್ಕೊಮ್ಮೆ ಹಬ್ ಬಿಚ್ಚಬೇಕು. ಅಲ್ಲಿ ಕಾಂಪ್ಲೆಕ್ಸ್ ಬಳಸಿದರೆ 500 ರೂಪಾಯಿ ಹೆಚ್ಚುವರಿ ವೆಚ್ಚವೇ ಹೊರತು ಲಾಭವಿಲ್ಲ. ಒಬ್ಬರೇ ಮಾಲೀಕರ ಎರಡು ಲಾರಿಗಳಿಗೆ ಎರಡು ಉತ್ತರಗಳು ಬಂದುದನ್ನು ಓದುಗರು ಗಮನಿಸಬೇಕು.

ಇಲ್ಲಿ ಹಿಡಿದ ಅಂತರಗಳು ಆ ಲಾರಿಯವು. ಎಲ್ಲ ಲಾರಿಗಳಿಗೂ ಅನ್ವಯಿಸುವ ನಿಯಮವಲ್ಲ. ಕೈಪಿಡಿಯಲ್ಲಿ ಸೂಚಿಸಿದ ಅಂತರವನ್ನು ಮೀರಬಾರದು. ಅದರೊಳಗೂ, ಹೊಸ ಗ್ರೀಸಿಗೆ ಬದಲಾಯಿಸಿದ ಮೊದಲ ಬಾರಿ ಒಂದು ಹಬ್ಬನ್ನು ಬೇಗನೆ ಬಿಚ್ಚಿ ನೋಡಿಯೇ ಅಂತರವನ್ನು ಹೆಚ್ಚಿಸಬೇಕು.

ಬದಲಾಯಿಸುವ ಕ್ರಮ

ಒಂದು ಬಗೆಯಿಂದ ಮತ್ತೊಂದಕ್ಕೆ ಹೋಗುವಾಗ ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿದರೆ ಸಾಲದು. ಬೇರಿಂಗು ಮತ್ತು ಹಬ್ಬಿನ ಒಳಭಾಗವನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಪೂರ್ತಿಯಾಗಿ ತೊಳೆದು, ಆ ದ್ರವವೂ ಉಳಿಯದಂತೆ ಒಣಗಿಸಬೇಕು. ಉಳಿದರೆ ಹೊಸ ಗ್ರೀಸ್ ತೆಳುವಾಗುತ್ತದೆ. ಒಣಗಿಸುವಾಗ ಗಾಳಿಯ ಪೈಪಿನಿಂದ ಬೇರಿಂಗನ್ನು ತಿರುಗಿಸಬಾರದು. ಎಣ್ಣೆಯಿಲ್ಲದೆ ವೇಗವಾಗಿ ತಿರುಗಿದರೆ ರೋಲರುಗಳಿಗೆ ಗೀರು ಬೀಳುತ್ತದೆ. ಆಯಿಲ್ ಸೀಲನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕಬೇಕು.

ತುಂಬುವಾಗ ಬೇರಿಂಗಿನ ಅಗಲವಾದ ಬದಿಯಿಂದ ಗ್ರೀಸನ್ನು ಒತ್ತುತ್ತ, ರೋಲರುಗಳ ನಡುವಿನಿಂದ ಕಿರಿದಾದ ಬದಿಯಲ್ಲಿ ಹೊರಬರುವವರೆಗೆ ತುಂಬಬೇಕು. ಹಬ್ಬಿನ ಟೊಳ್ಳನ್ನು ಮಾತ್ರ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಗ್ರೀಸ್ ಕಡೆಯಲ್ಪಟ್ಟು ತಾನೇ ಕಾಯುತ್ತದೆ. ಹಿಗ್ಗಿ ಸೀಲನ್ನು ತಳ್ಳಿ ಲೈನರಿಗೆ ಹರಿಯುತ್ತದೆ. ಹೆಚ್ಚು ಗ್ರೀಸ್ ಹಾಕಿದರೆ ಹೆಚ್ಚು ರಕ್ಷಣೆ ಎಂಬ ನಂಬಿಕೆ ಇಲ್ಲಿ ನಡೆಯದು.

ಸಾದಾ ಲಿಥಿಯಂ ಮತ್ತು ಲಿಥಿಯಂ ಕಾಂಪ್ಲೆಕ್ಸ್ ಒಂದೇ ಕುಲದವಾದ್ದರಿಂದ ಸಾಮಾನ್ಯವಾಗಿ ಹೊಂದುತ್ತವೆ. ಪಾಲಿಯೂರಿಯಾ, ಸೋಡಿಯಂ ಮತ್ತು ಜೇಡಿಯನ್ನು ಜಾಲವಾಗಿ ಬಳಸಿದ ಗ್ರೀಸುಗಳನ್ನು ಲಿಥಿಯಂನೊಡನೆ ಬೆರೆಸಲೇಬಾರದು. ಕ್ಯಾಲ್ಸಿಯಂ ಸಲ್ಫೋನೇಟಿಗೆ ಬದಲಾಗುವವರು ತಯಾರಕರಿಂದ ಹೊಂದಾಣಿಕೆಯ ಬಗ್ಗೆ ಲಿಖಿತ ಮಾಹಿತಿ ಪಡೆಯುವುದು ಒಳ್ಳೆಯದು. ಹಿಂಬದಿಯ ಹಬ್ಬುಗಳಿಗೆ ಆಕ್ಸಲ್ ಎಣ್ಣೆಯೇ ಹರಿಯುವ ಲಾರಿಗಳೂ, ಕಾರ್ಖಾನೆಯಲ್ಲೇ ಮುಚ್ಚಿದ ಬೇರಿಂಗುಗಳಿರುವ ಹೊಸ ಲಾರಿಗಳೂ ಇವೆ. ಅವುಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಗುರುತಿಸುವ ಬಗೆ ಮತ್ತು ದಾಖಲೆ

ಹಬ್ ಬಿಚ್ಚಿದಾಗ ಗ್ರೀಸೇ ತನ್ನ ಕಥೆಯನ್ನು ಹೇಳುತ್ತದೆ. ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ; ಸೀಲನ್ನು ನೋಡಬೇಕು. ಕಪ್ಪಾಗಿ ಗಟ್ಟಿಯಾಗಿ ಸುಟ್ಟ ವಾಸನೆ ಬಂದರೆ ಕಾವು ಮಿತಿ ಮೀರಿದೆ. ಗ್ರೀಸಿನ ಬಗೆಯನ್ನೂ ಬ್ರೇಕಿನ ಹೊಂದಾಣಿಕೆಯನ್ನೂ ಪರೀಕ್ಷಿಸಬೇಕು. ಗಂಜಿಯಂತಿದ್ದರೆ ಬೆರಕೆಯನ್ನು ಶಂಕಿಸಬೇಕು. ಹೊಳೆಯುವ ಲೋಹದ ಪುಡಿ ಕಂಡರೆ ಗ್ರೀಸ್ ಬದಲಿಸಿ ಪ್ರಯೋಜನವಿಲ್ಲ; ಬೇರಿಂಗೇ ಹೋಗಬೇಕು.

ಓಡಾಟದ ನಡುವೆ, ಮುಟ್ಟದೆಯೇ ಉಷ್ಣತೆಯನ್ನು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಹಬ್ಬುಗಳನ್ನು ಅಳೆಯಬಹುದು. ಇಲ್ಲಿ ನೋಡಬೇಕಾದುದು ಉಷ್ಣತೆ ಎಷ್ಟೆಂಬುದಕ್ಕಿಂತ ಒಂದೇ ಆಕ್ಸಲಿನ ಎಡಬಲಗಳ ವ್ಯತ್ಯಾಸವನ್ನು. ಒಂದು ಬದಿ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಬೇರಿಂಗ್ ಅತಿಬಿಗಿಯಾಗಿರಬಹುದು, ಬ್ರೇಕ್ ಹಿಡಿದಿರಬಹುದು ಅಥವಾ ಗ್ರೀಸ್ ಕೆಟ್ಟಿರಬಹುದು. ಲಾರಿಯನ್ನು ಮುಂದೆ ಓಡಿಸದೆ ತಪಾಸಣೆಗೆ ಒಪ್ಪಿಸಬೇಕು.

ಕಡೆಯದಾಗಿ, ಪ್ರತಿ ಲಾರಿಗೂ ಒಂದು ಪುಟದ ಹಬ್ ದಾಖಲೆ ಇರಲಿ. ದಿನಾಂಕ, ಮೀಟರಿನ ಕಿಲೋಮೀಟರ್, ಯಾವ ಹಬ್, ಗ್ರೀಸಿನ ಪೂರ್ಣ ಹೆಸರು ಮತ್ತು ಸಾಬೂನಿನ ಜಾತಿ, ಹಳೆಯದನ್ನು ತೊಳೆಯಲಾಯಿತೇ, ಬಿಚ್ಚಿದಾಗ ಕಂಡ ಸ್ಥಿತಿ – ಈ ಆರು ಅಂಶಗಳು ಸಾಕು. ದಾರಿಯಲ್ಲಿ ರಿಪೇರಿಯಾದರೆ ಬೇರೆ ಗ್ರೀಸ್ ಸೇರದಂತೆ, ಲಾರಿಯಲ್ಲೇ ಅದೇ ಗ್ರೀಸಿನ ಒಂದು ಕಿಲೋ ಡಬ್ಬಿಯನ್ನು ಇರಿಸಿ ಚಾಲಕನಿಗೆ ತಿಳಿಸಬೇಕು. ಮೋಟಾರಿನ ಗ್ರೀಸು ಮತ್ತು ಲಾರಿಯ ಗ್ರೀಸನ್ನು ಉಗ್ರಾಣದಲ್ಲಿ ಬೇರೆ ಬೇರೆ ಕಪಾಟುಗಳಲ್ಲಿ ಇಡಬೇಕು. ಮೇಲೆ ಹೇಳಿದ ವರ್ತಕರು ಎಲ್ಲ ಹಬ್ಬುಗಳನ್ನೂ ತೊಳೆಸಿ, ಘಟ್ಟದ ಲಾರಿಗೆ ಕಾಂಪ್ಲೆಕ್ಸ್, ಪಟ್ಟಣದ ಲಾರಿಗೆ ಎಪಿ-3 ಎಂದು ನಿಗದಿಪಡಿಸಿ ಈ ದಾಖಲೆಯನ್ನು ಆರಂಭಿಸಿದರು. ಮುಂದಿನ ಮಳೆಗಾಲ ಕಳೆದು ಘಟ್ಟದ ಲಾರಿಯ ಹಬ್ ಬಿಚ್ಚಿದಾಗ ‘ಸ್ಥಿತಿ’ಯ ಅಂಕಣದಲ್ಲಿ ಮೆಕ್ಯಾನಿಕ್ ಬರೆದದ್ದು ಇಷ್ಟೇ: ಗ್ರೀಸ್ ಸರಿಯಾಗಿದೆ, ಲೈನರು ಒಣಗಿದೆ.